ದೀಪದ ಬುಡದ ಚೀಟಿ

ಆಷಾಢದ ಮಳೆ ಹಂಚಿನ ಮೇಲೆ ಒಂದೇ ಸಮನೆ ಸುರಿಯುತ್ತಿರುವ ರಾತ್ರಿ, ಆಗುಂಬೆಯ ಘಾಟಿಯನ್ನೇರಿ ಸಾಯಂಕಾಲದ ಹೊತ್ತಿಗೆ ಮಲೆನಾಡಿನ ಮನೆಯೊಂದಕ್ಕೆ ಬಂದಿಳಿದ ಪ್ರವಾಸಿಗನು ಎರಡು ಗಂಟೆಯ ಸುಮಾರಿಗೆ ಎಚ್ಚೆತ್ತನೆಂದು ಭಾವಿಸೋಣ. ಮಂಚ ಅಪರಿಚಿತವಾದುದು, ಗೋಡೆ ಯಾವ ಕಡೆಗಿದೆಯೆಂಬುದು ತಟ್ಟನೆ ನೆನಪಿಗೆ ಬಾರದು, ಫ್ಯಾನು ನಿಂತಿದೆ, ಅಟ್ಟದ ಮೇಲೆ ಏನೋ ಓಡುತ್ತಿದೆ, ಬಾಯಿ ಒಣಗಿದೆ, ಬಚ್ಚಲಿಗೂ ಹೋಗಬೇಕಾಗಿದೆ. ಸಂಜೆ ಮನೆಯ ಯಜಮಾನನು ಎಲ್ಲವನ್ನೂ ಕೈತೋರಿಸಿ ಹೇಳಿದ್ದು ನಿಜ. ಆದರೆ ಎಂಟು ಗಂಟೆಗಳ ಪ್ರಯಾಣದಿಂದ ದಣಿದು ಬಂದವನ ಕಿವಿಯಲ್ಲಿ ಅದರ ಅರ್ಧವೂ ಉಳಿದಿರುವುದಿಲ್ಲ. ಅತಿಥಿಗಾಗಿ ಕೋಣೆಯಲ್ಲಿ ಇಟ್ಟುಹೋಗುವ ಸ್ವಾಗತದ ಚೀಟಿ ಬರೆಯಲ್ಪಡಬೇಕಾದದ್ದು ಈ ಗಳಿಗೆಗಾಗಿ. ಅತಿಥಿಯು ಬಾಗಿಲಲ್ಲಿ ನಿಂತಾಗ ಸ್ವಾಗತವನ್ನು ಬಾಯಿಂದಲೇ ಹೇಳಿ, ಕಾಲಿಗೆ ನೀರು ಕೊಟ್ಟು, ಆಸರಿಗೆ ಏನು ಬೇಕೆಂದು ಕೇಳಿ ಮುಗಿಸಿರುತ್ತೇವೆ. ಚೀಟಿಯ ಕೆಲಸ ಪ್ರಾರಂಭವಾಗುವುದು ನಾವು ನಮ್ಮ ಕೋಣೆಗೆ ಹೋಗಿ ಮಲಗಿದ ಮೇಲೆ.

ತೀರ್ಥಹಳ್ಳಿಯ ಕಡೆಯ ನಮ್ಮ ಅಡಿಕೆ ತೋಟದ ಮನೆಯಲ್ಲಿ ಎರಡು ಕೋಣೆಗಳನ್ನು ತಂಗುವವರಿಗಾಗಿ ಬಿಟ್ಟಾಗ ನಾನು ಈ ವಿಷಯವನ್ನು ಅರಿತಿರಲಿಲ್ಲ. ನಾನು ಬರೆದಿಟ್ಟ ಮೊದಲ ಚೀಟಿ ಎರಡು ಪುಟದ್ದು. ಮನೆಯನ್ನು ಕಟ್ಟಿಸಿದ ಅಜ್ಜನ ವೃತ್ತಾಂತ, ಕಂಬಗಳ ಕೆತ್ತನೆ, ಕುಪ್ಪಳಿಯ ಕವಿಶೈಲಕ್ಕೆ ಹೋಗುವ ದಾರಿ, ಆಗುಂಬೆಯ ಸೂರ್ಯಾಸ್ತ, ಇವೆಲ್ಲವನ್ನೂ ಅದರಲ್ಲಿ ಪ್ರೀತಿಯಿಂದ ಬರೆದು, ಕೊನೆಯಲ್ಲಿ ಊಟದ ವೇಳೆಯನ್ನೂ ಕೋಣೆಯಲ್ಲಿ ಮಾಡಬಾರದ ಏಳು ಕಾರ್ಯಗಳನ್ನೂ ಸೇರಿಸಿದ್ದೆ. ಜುಲೈ ತಿಂಗಳಿನಲ್ಲಿ ಆಗುಂಬೆಯಲ್ಲಿ ಮೋಡ ಮಂಜುಗಳ ನಡುವೆ ಸೂರ್ಯನು ಕಾಣಿಸುವುದೇ ಅಪೂರ್ವ. ಆದರೂ ಅಲ್ಲಿನ ಸೂರ್ಯಾಸ್ತದ ವರ್ಣನೆ ವರ್ಷವಿಡೀ ಆ ಕಾಗದದ ಮೇಲಿತ್ತು. ಬಚ್ಚಲಿನ ದೀಪದ ಸ್ವಿಚ್ಚು ಬಾಗಿಲಿನ ಹೊರಗಡೆ ಇದೆ ಎಂಬ ಒಂದು ವಾಕ್ಯ ಮಾತ್ರ ಅದರಲ್ಲಿ ಇರಲಿಲ್ಲ.

ಮೈಸೂರಿನಿಂದ ಬಂದ ವೃದ್ಧ ದಂಪತಿಗಳು ಆ ವಾಕ್ಯದ ಅಭಾವವನ್ನು ಅನುಭವಿಸಿದರು. ಪತಿ ನಿವೃತ್ತ ಮೇಷ್ಟರು. ಮೂರು ರಾತ್ರಿ ತಂಗುವ ಎಣಿಕೆಯಿಂದ ಬಂದಿದ್ದರು. ಬಂದ ದಿನದ ರಾತ್ರಿಯೇ ಕರೆಂಟು ಹೋಯಿತು. ಮೇಷ್ಟರು ಕತ್ತಲೆಯಲ್ಲಿ ಬಚ್ಚಲೊಳಗಿನ ಗೋಡೆಯನ್ನು ಎಡಕ್ಕೂ ಬಲಕ್ಕೂ ತಡವಿ, ಸ್ವಿಚ್ಚು ಸಿಕ್ಕದೆ, ಒಂದು ಮೆಟ್ಟಿಲು ತಗ್ಗಿದ್ದ ನೆಲವನ್ನು ಕಾಣದೆ ಮುಗ್ಗರಿಸಿ, ಹೇಗೋ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡು ನಿಂತರಂತೆ. ಹಿಂದಿರುಗುವಾಗ ಇನ್ನೊಂದು ತೊಡಕು. ಮಳೆಗಾಲದಲ್ಲಿ ಮರ ನೀರು ಕುಡಿದು ಉಬ್ಬಿ, ಬಾಗಿಲು ದಾರಂದಕ್ಕೆ ಕಚ್ಚಿಕೊಂಡುಬಿಡುತ್ತದೆ. ಹಿಡಿಯನ್ನು ತುಸು ಮೇಲಕ್ಕೆತ್ತಿ ಎಳೆದರೆ ಮಾತ್ರ ಬರುತ್ತದೆ. ಹುಟ್ಟಿದಂದಿನಿಂದ ಆ ಬಾಗಿಲನ್ನು ತೆರೆದು ಮುಚ್ಚಿದ ನಮ್ಮ ಕೈಗೆ ಅದು ತಾನಾಗಿ ತಿಳಿದದ್ದು. ಅವರಿಗಾದರೋ ಯಾರೋ ಹೊರಗಿನಿಂದ ಅಗುಳಿ ಹಾಕಿದ್ದಾರೆಂದೇ ತೋರಿತು. ಕೂಗಿ ಎಬ್ಬಿಸಲು ಸಂಕೋಚ. ಬೆಳಗಿನ ಕಾಫಿಯ ಹೊತ್ತಿನಲ್ಲಿ ಅವರ ಪತ್ನಿ ಇದನ್ನು ಹೇಳಿದಾಗ, ಪೆಟ್ಟಾಗದೆ ಉಳಿದದ್ದೇ ದೈವಕೃಪೆಯೆಂದು ನನಗೆ ಮೈ ತಣ್ಣಗಾಯಿತು.

ಅಂದು ಮಧ್ಯಾಹ್ನ ನಾನು ಮೇಷ್ಟರನ್ನೇ ಬಳಿಯಲ್ಲಿ ಕೂರಿಸಿಕೊಂಡು, ರಾತ್ರಿ ಅವರಿಗೆ ಯಾವ ಯಾವ ಪ್ರಶ್ನೆಗಳು ಯಾವ ಕ್ರಮದಲ್ಲಿ ಹುಟ್ಟಿದುವೆಂದು ಕೇಳಿ ಬರೆದುಕೊಂಡೆ. ಕುಡಿಯುವ ನೀರು ಯಾವುದು, ಬಚ್ಚಲು ಎಲ್ಲಿ, ದೀಪ ಎಲ್ಲಿ, ಬಾಗಿಲು ಹೇಗೆ, ಆ ಸದ್ದು ಯಾತರದು, ಯಾರನ್ನು ಎಬ್ಬಿಸಬಹುದು, ಬೆಳಿಗ್ಗೆ ಎಷ್ಟು ಹೊತ್ತಿಗೆ ಏಳಬೇಕು: ಇಷ್ಟೇ. ಚೀಟಿಯ ಒಕ್ಕಣೆಗೆ ಇದಕ್ಕಿಂತ ಉತ್ತಮವಾದ ಕ್ರಮವನ್ನು ನಾನು ಇದುವರೆಗೆ ಕಂಡಿಲ್ಲ. ಆ ಸಂಜೆ, ಅವರ ಎರಡನೆಯ ರಾತ್ರಿಗಾಗಿ, ನಾನು ಹೊಸದಾಗಿ ಬರೆದಿಟ್ಟದ್ದು ಹೀಗಿತ್ತು:

ಜುಲೈ 14

ಮೇಷ್ಟರಿಗೂ ಅಮ್ಮನವರಿಗೂ ನಮಸ್ಕಾರ. ನೀವು ಬಂದದ್ದು ನಮಗೆಲ್ಲ ಸಂತೋಷ.

ಚೆಂಬಿನಲ್ಲಿರುವುದು ಕಾಯಿಸಿ ಆರಿಸಿದ ನೀರು.

ಬಚ್ಚಲು ಮಂಚದಿಂದ ಬಲಗಡೆಯ ಬಾಗಿಲು. ದೀಪದ ಸ್ವಿಚ್ಚು ಹೊರಗಡೆ, ಕೆಂಪು ಚುಕ್ಕೆ ಇಟ್ಟದ್ದು. ಒಳಗೆ ನೆಲ ಒಂದು ಮೆಟ್ಟಿಲು ತಗ್ಗು. ಬಾಗಿಲು ಮಳೆಗೆ ಉಬ್ಬಿದೆ. ಹಿಡಿಯನ್ನು ಮೇಲಕ್ಕೆತ್ತಿ ಎಳೆದರೆ ಬರುತ್ತದೆ.

ಕರೆಂಟು ಹೋದರೂ ಮೇಜಿನ ದೀಪ, ಬಚ್ಚಲ ದೀಪ ಎರಡೂ ಉರಿಯುತ್ತವೆ, ಫ್ಯಾನು ನಿಲ್ಲುತ್ತದೆ. ಟಾರ್ಚು ಮಂಚದ ಎಡಗಡೆಯ ಮೊಳೆಯಲ್ಲಿ ತೂಗಿದೆ.

ಅಟ್ಟದ ಮೇಲೆ ಓಡಾಡುವುದು ಪುನುಗು ಬೆಕ್ಕು. ಅದಕ್ಕೆ ಕೋಣೆಯೊಳಗೆ ಇಳಿಯುವ ದಾರಿಯಿಲ್ಲ.

ಹತ್ತು ಗಂಟೆಯ ಮೇಲೆ ಅಂಗಳದಲ್ಲಿ ನಾಯಿಯನ್ನು ಬಿಟ್ಟಿರುತ್ತೇವೆ. ಹೊರಗೆ ಬರಬೇಕೆನಿಸಿದರೆ ಮೊದಲು ನನ್ನನ್ನು ಕರೆಯಿರಿ.

ನಾನು ಮಲಗುವುದು ಎದುರಿನ ಕೋಣೆಯಲ್ಲಿ. ಬಾಗಿಲು ತಟ್ಟಿದರೆ ಸಾಕು. ನಡುರಾತ್ರಿ ದನ ನೋಡಲು ಹೇಗೂ ಒಮ್ಮೆ ಏಳುತ್ತೇನೆ.

ಕಾಫಿ ಆರು ಗಂಟೆಗೆ ಜಗುಲಿಯಲ್ಲಿ. ತಡವಾಗಿ ಎದ್ದರೆ ಆಗ ಬಿಸಿ ಮಾಡಿ ಕೊಡುತ್ತೇವೆ.

ಇದನ್ನು ಓದಿ ಮುಗಿಸಲು ಒಂದು ನಿಮಿಷ ಸಾಕು. ಪರಿಮಾಣಕ್ಕೆ ಇದೇ ಎಲ್ಲೆಯೆಂದು ನಾನು ಇಟ್ಟುಕೊಂಡಿದ್ದೇನೆ: ಶಾಲೆಯ ನೋಟುಪುಸ್ತಕದ ಒಂದು ಹಾಳೆ, ಒಂದೇ ಮಗ್ಗುಲು, ಹೆಚ್ಚೆಂದರೆ ನೂರು ನೂರಿಪ್ಪತ್ತು ಪದ. ಅದಕ್ಕಿಂತ ಉದ್ದವಾದುದನ್ನು ದಣಿದವನು ನಾಳೆ ಓದೋಣವೆಂದು ಬದಿಗಿಡುತ್ತಾನೆ. ಕುಪ್ಪಳಿಗೂ ಶೃಂಗೇರಿಗೂ ಹೋಗುವ ದಾರಿ, ಬಸ್ಸಿನ ವೇಳೆ, ಬಾಡಿಗೆಯ ಲೆಕ್ಕ, ಮನೆಯ ಇತಿಹಾಸ, ಇವುಗಳಿಗೆ ಬೇರೊಂದು ಪುಸ್ತಿಕೆಯಿರಲಿ, ಅಥವಾ ಬೆಳಿಗ್ಗೆ ಜಗುಲಿಯ ಮೇಲಿನ ಮಾತುಕತೆಗೆ ಅವು ಉಳಿಯಲಿ. ಅಜ್ಜನ ಕಥೆ ಕಾಫಿಯ ಜೊತೆಗೆ ಕೇಳಲು ಹೆಚ್ಚು ಚೆನ್ನ.

ಒಕ್ಕಣೆಯ ಕೆಲವು ಮಾತುಗಳು ಸಣ್ಣವಾಗಿ ಕಂಡರೂ ಸ್ವಲ್ಪ ವಿವರಣೆಯನ್ನು ಬೇಡುತ್ತವೆ. ಚೆಂಬಿನಲ್ಲಿ ನೀರಿಟ್ಟರೆ ಸಾಲದು. ಅದು ಕಾಯಿಸಿ ಆರಿಸಿದ್ದೆಂದು ಹೇಳದಿದ್ದರೆ ಊರಿನ ನೀರಿಗೆ ಹೆದರುವವರು ಬಾಯಾರಿಕೊಂಡೇ ಬೆಳಗು ಮಾಡುತ್ತಾರೆ. ಸದ್ದುಗಳನ್ನು ಹೆಸರಿಟ್ಟು ಹೇಳಬೇಕು. ‘ಹಳ್ಳಿಯ ಸದ್ದುಗಳು ಕೇಳಿಸಬಹುದು, ಹೆದರಬೇಡಿ’ ಎಂದು ಬರೆದರೆ ಹೆದರಿಕೆಗೆ ಬೀಜ ಬಿತ್ತಿದಂತಾಯಿತೇ ಹೊರತು ಉಪಶಮನವಾಗಲಿಲ್ಲ. ಓಡುವುದು ಪುನುಗು ಬೆಕ್ಕು, ಧೊಪ್ಪೆಂದು ಬೀಳುವುದು ತೆಂಗಿನ ಗರಿ, ಲೊಚಗುಟ್ಟುವುದು ಹಲ್ಲಿ ಎಂದು ತಿಳಿದ ಮನಸ್ಸು ಆ ಸದ್ದನ್ನು ಕೇಳಿಯೂ ಮಗ್ಗುಲು ಬದಲಿಸಿ ಮಲಗುತ್ತದೆ. ಆದರೆ ಆ ಋತುವಿನಲ್ಲಿ, ಆ ಕೋಣೆಯಲ್ಲಿ ನಿಜವಾಗಿ ಕೇಳುವ ಒಂದೆರಡನ್ನೇ ಬರೆಯಬೇಕು. ಸುತ್ತಿನ ಕಾಡಿನ ಪ್ರಾಣಿಗಳ ಪಟ್ಟಿಯನ್ನೆಲ್ಲ ಕೊಡುವವರನ್ನು ನಾನು ಕಂಡಿದ್ದೇನೆ. ಕಾಳಿಂಗ ಸರ್ಪದ ಹೆಸರನ್ನು ಮಲಗುವ ಮುನ್ನ ಓದಿದ ಪಟ್ಟಣದವರಿಗೆ ನಿದ್ರೆ ಹೇಗೆ ಬಂದೀತು? ಹಾವಿನ ವಿಷಯದಲ್ಲಿ ಅತಿಥಿಯಿಂದ ನಮಗೆ ಬೇಕಾದುದು ಕತ್ತಲೆಯಲ್ಲಿ ಅಂಗಳಕ್ಕೆ ಕಾಲಿಡದಿರುವುದು, ಇಟ್ಟರೂ ಟಾರ್ಚು ಹಿಡಿದಿರುವುದು. ನಾಯಿಯ ಮಾತು, ಟಾರ್ಚಿನ ಮಾತು ಇವೆರಡೇ ಆ ಕಾರ್ಯವನ್ನು ಸಾಧಿಸುತ್ತವೆ. ನಾಯಿಯ ವಿಷಯವನ್ನಂತೂ ಬಿಡಲೇಬಾರದು. ಹಗಲು ಯಜಮಾನನ ಪಕ್ಕದಲ್ಲಿ ನಿಂತವನ ಕೈಯನ್ನು ನೆಕ್ಕಿದ ನಾಯಿಯೇ ಅಪರಾತ್ರಿಯಲ್ಲಿ ಒಂಟಿಯಾಗಿ ಇಳಿದುಬಂದ ಅದೇ ಮನುಷ್ಯನನ್ನು ಗುರುತಿಸದೆ ಮೇಲೆ ಬಿದ್ದೀತು.

ಎಬ್ಬಿಸುವ ಮಾತಂತೂ ಇಡೀ ಚೀಟಿಯ ಹೃದಯಸ್ಥಾನವೆಂದು ನನ್ನ ಭಾವನೆ. ‘ಏನು ಬೇಕಾದರೂ ಸಂಕೋಚವಿಲ್ಲದೆ ಕೇಳಿ’ ಎಂಬುದು ಎಲ್ಲರೂ ಬರೆಯುವ ವಾಕ್ಯ; ಅದರಿಂದ ಯಾರ ಸಂಕೋಚವೂ ಹೋದುದನ್ನು ನಾನು ಕಾಣೆ. ನಮ್ಮ ಜನ, ಅದರಲ್ಲಿಯೂ ಹಿರಿಯರು, ಎದೆನೋವು ಬಂದರೂ ಪರರ ಮನೆಯವರನ್ನು ಎಬ್ಬಿಸದೆ ಬೆಳಗಿನವರೆಗೆ ತಾಳಿಕೊಳ್ಳುವವರು. ಯಾವ ಬಾಗಿಲು, ಅಲ್ಲಿ ಮಲಗುವವರು ಯಾರು, ಎಬ್ಬಿಸಿದರೆ ಅವರಿಗೆ ಏಕೆ ತೊಂದರೆಯಾಗದು ಎಂಬ ಮೂರನ್ನು ಹೇಳಿದರೆ ಮಾತ್ರ ಕೈ ಬಾಗಿಲಿನ ಮೇಲೆ ಏಳುತ್ತದೆ. ತುರ್ತುಕರೆಯ 112, ಆಂಬುಲೆನ್ಸಿನ 108 ಇವುಗಳನ್ನು ಬರೆಯಬಹುದು. ಆದರೆ ನಮ್ಮಲ್ಲಿಯಂತೆ ಕೋಣೆಯೊಳಗೆ ಮೊಬೈಲಿಗೆ ಸಿಗ್ನಲ್ಲೇ ಇಲ್ಲದಿದ್ದರೆ ಆ ಅಂಕೆಗಳಿಂದ ಪ್ರಯೋಜನವಿಲ್ಲ. ಸಿಗ್ನಲ್ಲು ಮನೆಯ ಯಾವ ಮೂಲೆಯಲ್ಲಿ ಸಿಗುತ್ತದೆ, ಇಲ್ಲವೇ ಗೋಡೆಗೆ ಹೊಂದಿಸಿದ ಹಳೆಯ ಫೋನು ಎಲ್ಲಿದೆ ಎಂಬುದನ್ನು ಮೊದಲು ಹೇಳಿ, ಅನಂತರ ಸಂಖ್ಯೆಯನ್ನು ಬರೆಯಬೇಕು.

ಸಿಗ್ನಲ್ಲಿಲ್ಲದ ಮನೆಯಲ್ಲಿ ವೈಫೈ ಇದ್ದರೆ, ತಲುಪಿದೆವೆಂದು ಮಕ್ಕಳಿಗೆ ತಿಳಿಸುವ ಆತುರ ಬಂದ ದಿನವೇ ಹೆಚ್ಚಾಗಿರುವುದರಿಂದ, ಅದರ ಹೆಸರನ್ನೂ ಗುಪ್ತಪದವನ್ನೂ ಚೀಟಿಯ ಕೆಳಗಡೆ ಬಿಡಿ ಅಕ್ಷರಗಳಲ್ಲಿ ಬರೆಯುವುದು ಅವಶ್ಯ. ಇಲ್ಲಿ ಕೈಬರಹ ಮೋಸ ಮಾಡುತ್ತದೆ: `0` ಎಂಬ ಸೊನ್ನೆಯೂ `O` ಎಂಬ ಅಕ್ಷರವೂ, `1` ಎಂಬ ಅಂಕಿಯೂ `l` ಎಂಬ ಅಕ್ಷರವೂ ಮಂದಬೆಳಕಿನಲ್ಲಿ ಒಂದೇ. ಆ ನಾಲ್ಕೂ ಇಲ್ಲದ, ಎಲ್ಲವೂ ಚಿಕ್ಕಕ್ಷರಗಳಾದ `adike2468` ಎಂಬಂತಹ ಪದವನ್ನೇ ಆರಿಸಿಕೊಂಡರೆ ತಪ್ಪಿಗೆ ಅವಕಾಶವಿಲ್ಲ.

ನಿಷೇಧಗಳ ವಿಷಯದಲ್ಲಿ ಮೇಷ್ಟರು ನನಗೆ ಒಂದು ಒಳ್ಳೆಯ ಪಾಠ ಹೇಳಿದರು. ನನ್ನ ಹಳೆಯ ಚೀಟಿಯ ಏಳು ‘ಬೇಡಿ’ಗಳಲ್ಲಿ ‘ಒದ್ದೆ ಬಟ್ಟೆಯನ್ನು ಕಿಟಕಿಯ ಸರಳಿಗೆ ಹಾಕಬೇಡಿ’ ಎಂಬುದು ಒಂದು. “ಮತ್ತೆ ಎಲ್ಲಿ ಹಾಕಬೇಕಪ್ಪಾ?” ಎಂದು ಅವರು ಕೇಳಿದರು. ನಿಜ, ಮಳೆಯಲ್ಲಿ ತೊಯ್ದು ಬಂದವನು ಬಟ್ಟೆಯನ್ನು ಎಲ್ಲಾದರೂ ಹರಡಲೇಬೇಕು. ಬಚ್ಚಲೊಲೆಯ ಮೇಲುಗಡೆ ಕಟ್ಟಿರುವ ಹಗ್ಗದಲ್ಲಿ ಹಾಕಿದರೆ ಹಂಡೆಯ ಬೆಂಕಿಯ ಕಾವಿಗೆ ಬೆಳಗಾಗುವುದರೊಳಗೆ ಒಣಗುತ್ತದೆಂದು ಈಗ ಬರೆಯುತ್ತೇನೆ. ಅಂದಿನಿಂದ ಕಿಟಕಿಯ ಸರಳು ಖಾಲಿಯಾಗಿಯೇ ಇದೆ.

ಇಂಬಳದ ಮಾತು ಮಳೆಗಾಲದ ಚೀಟಿಗೆ ಮಾತ್ರ ಸೇರಬೇಕಾದುದು. ಸಂಜೆ ತೋಟದಲ್ಲಿ ಸುತ್ತಿ ಬಂದವರು ರಾತ್ರಿ ಕಾಲುಚೀಲ ಕಳಚಿದಾಗ ರಕ್ತವನ್ನು ಕಂಡು ದಿಗ್ಭ್ರಮೆಗೊಳ್ಳುವುದು ಸಾಮಾನ್ಯ. ಅದು ವಿಷಜಂತುವಲ್ಲ, ಕಚ್ಚಿಕೊಂಡಿದ್ದರೆ ಅದರ ಬಾಯಿಯ ಅಂಚನ್ನು ಉಗುರಿನಿಂದ ಮೆಲ್ಲನೆ ಸರಿಸಿದರೆ ಬಿಡುತ್ತದೆ, ಅದರ ಜೊಲ್ಲಿನಲ್ಲಿ ರಕ್ತವನ್ನು ಹೆಪ್ಪುಗಟ್ಟಗೊಡದ ದ್ರವ್ಯವಿರುವುದರಿಂದ ಬಿಟ್ಟ ಮೇಲೂ ಸ್ವಲ್ಪ ಹೊತ್ತು ರಕ್ತ ಒಸರುತ್ತಿರುತ್ತದೆ, ತೊಳೆದು ಶುಭ್ರವಾದ ಬಟ್ಟೆಯಿಂದ ಒತ್ತಿ ಹಿಡಿದಿರಬೇಕು. ರಕ್ತವನ್ನು ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವ ಹೃದ್ರೋಗಿಗಳಲ್ಲಿ ಇದು ಹೆಚ್ಚು ಹೊತ್ತು ಮುಂದುವರಿಯಬಹುದಾದುದರಿಂದ, ಅವರು ನಮ್ಮನ್ನು ಎಬ್ಬಿಸಬೇಕೆಂದು ಒಂದು ಮಾತು ಸೇರಿಸಿ, ಮಡಿಸಿದ ಹತ್ತಿಬಟ್ಟೆಯೊಂದನ್ನು ಮೇಜಿನ ಮೇಲಿಟ್ಟಿರುವುದು ಲೇಸು.

ಚೀಟಿಯಿಂದ ಆಗದ ಕಾರ್ಯವೂ ಇದೆಯೆಂಬುದನ್ನು ಇಲ್ಲಿ ಹೇಳಿಬಿಡಬೇಕು. ಮುಚ್ಚಿದ ಬಚ್ಚಲೊಳಗೆ ಗ್ಯಾಸ್ ಗೀಸರನ್ನು ಕೂರಿಸಿ, ‘ಸ್ನಾನ ಮಾಡುವಾಗ ಕಿಟಕಿ ತೆರೆದಿಡಿ’ ಎಂದು ಬರೆದು ನಿಶ್ಚಿಂತರಾಗುವವರಿದ್ದಾರೆ. ಗಾಳಿ ಸಾಲದ ಕಡೆ ಆ ಜ್ವಾಲೆಯಿಂದ ಹುಟ್ಟುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ತಲೆಸುತ್ತು ಬಂತೆನ್ನುವುದರೊಳಗೆ ಮನುಷ್ಯನು ಕುಸಿದು ಪ್ರಾಣವನ್ನೇ ಕಳೆದುಕೊಂಡಾನು. ಮಳೆ ಚಳಿಗಳಲ್ಲಿ ಕಿಟಕಿಯನ್ನು ಯಾರು ತೆರೆದಿಡುತ್ತಾರೆ? ಗೀಸರನ್ನು ಹೊರಗಿನ ಗೋಡೆಗೆ ಸಾಗಿಸಿ, ನಲ್ಲಿಯನ್ನು ಮಾತ್ರ ಒಳಗೆ ತರುವುದೊಂದೇ ಪರಿಹಾರ. ಷಾಕ್ ಹೊಡೆಯುವ ಸ್ವಿಚ್ಚು, ಅಲುಗಾಡುವ ಮೆಟ್ಟಿಲು ಇವುಗಳಿಗೂ ಇದೇ ನ್ಯಾಯ. ಎಚ್ಚರಿಕೆಯ ವಾಕ್ಯವೊಂದನ್ನು ಬರೆಯಲು ಕುಳಿತಾಗಲೆಲ್ಲ, ಇದನ್ನು ಬರೆಯುವ ಬದಲು ಸರಿಪಡಿಸಲು ಆಗುವುದಿಲ್ಲವೆ ಎಂದು ಮೊದಲು ಕೇಳಿಕೊಳ್ಳುವುದು ನನಗೆ ಈಗ ರೂಢಿಯಾಗಿದೆ. ಬಚ್ಚಲಿನ ತಗ್ಗು ಮೆಟ್ಟಿಲಿನ ಅಂಚಿಗೆ ಬಿಳಿಯ ಬಣ್ಣ ಬಳಿದದ್ದು ಹಾಗೆಯೇ.

ಇನ್ನು ಕಾಗದ ಮತ್ತು ಮಸಿ. ಮಲೆನಾಡಿನ ಮಳೆಗಾಲದಲ್ಲಿ ಪೆಟ್ಟಿಗೆಯೊಳಗಿನ ಬಟ್ಟೆಗೇ ಬೂಷ್ಟು ಹಿಡಿಯುವಾಗ ಕಾಗದದ ಪಾಡೇನು! ಮಸಿಪೆನ್ನಿನಿಂದ ಬರೆದ ಅಕ್ಷರ ತಂಪು ಹೀರಿದ ಕಾಗದದ ಮೇಲೆ ಹರಡಿಕೊಳ್ಳುತ್ತದೆ, ಒಂದು ಹನಿ ಬಿದ್ದರೆ ಅಳಿದೇ ಹೋಗುತ್ತದೆ. ಬಾಲ್‌ಪೆನ್ನು ಅಥವಾ ಪೆನ್ಸಿಲು ಉತ್ತಮ. ಅಚ್ಚು ಹಾಕಿಸಿ ಪ್ಲಾಸ್ಟಿಕ್ಕಿನ ಹೊದಿಕೆ ಕೊಡಿಸುವುದು ಸುಲಭವಾದರೂ, ಅಂತಹ ಫಲಕವನ್ನು ಅತಿಥಿಯು ರೈಲಿನ ಡಬ್ಬಿಯ ಸೂಚನೆಯಂತೆ ನೋಡಿ ಮುಂದೆ ಸಾಗುತ್ತಾನೆ. ಅಂದಿನ ತಾರೀಖು, ಬಂದವರ ಹೆಸರು, ಕೈಬರಹ, ಈ ಮೂರೂ ಕೂಡಿದ್ದರೆ ಅದು ತನಗೆಂದೇ ಬರೆದದ್ದೆಂದು ತಿಳಿದು ಓದುತ್ತಾನೆ. ಹೆಸರನ್ನು ಬರೆಯುವಾಗ ಅವರು ಹೇಗೆ ಬರೆದುಕೊಳ್ಳುವರೋ ಹಾಗೆಯೇ ಬರೆಯಬೇಕು, ಹಿರಿಯರಾದರೆ ಬರಿಯ ಹೆಸರು ಕೂಡದು. ಅಕ್ಷರ ದಪ್ಪವಾಗಿರಲಿ, ಸಾಲುಗಳ ನಡುವೆ ಎಡೆಯಿರಲಿ. ರಾತ್ರಿ ಎದ್ದವರ ಕನ್ನಡಕ ಕೈಗೆ ಸಿಕ್ಕುವುದಿಲ್ಲ. ಕನ್ನಡವನ್ನು ಮಾತನಾಡಬಲ್ಲ, ಆದರೆ ಓದಲಾರದ ಮಕ್ಕಳು ಈಗ ಬೆಂಗಳೂರಿನಿಂದ ಬಹಳ ಮಂದಿ ಬರುತ್ತಾರೆ. ಅಂಥವರಿಗೆ ಹಿಂಬದಿಯಲ್ಲಿ ಇಂಗ್ಲಿಷಿನಲ್ಲಿ ಅದನ್ನೇ ಬರೆದಿಡುತ್ತೇನೆ.

ಇಡುವ ಸ್ಥಳ ದೀಪದ ಬುಡ. ದಿಂಬಿನ ಮೇಲಿಟ್ಟದ್ದು ಹೊದಿಕೆಯನ್ನು ಎಳೆದುಕೊಳ್ಳುವಾಗ ಮಂಚದ ಕೆಳಗೆ ಸೇರುತ್ತದೆ. ಮೇಜಿನ ಖಾನೆಯೊಳಗಿನದು ಯಾರಿಗೂ ಕಾಣದು. ಚೆಂಬಿನ ಕೆಳಗಿಟ್ಟರೆ ತೊಯ್ಯುತ್ತದೆ. ತುಂಗೆಯ ಪಾತ್ರದಿಂದ ಆಯ್ದು ತಂದ ನುಣುಪಾದ ಕಲ್ಲೊಂದನ್ನು ಫ್ಯಾನಿನ ಗಾಳಿಗೆ ಹಾರದಂತೆ ಅದರ ಮೇಲಿಡುತ್ತೇನೆ, ಪಕ್ಕದಲ್ಲಿ ಒಂದು ಪೆನ್ಸಿಲು.

ಪೆನ್ಸಿಲನ್ನಿಡುವ ಅಭ್ಯಾಸ ಮೇಷ್ಟರಿಂದ ಬಂದದ್ದು. ಬರೆಯುವ ಮೊದಲು ಯಜಮಾನನು ಆ ಕೋಣೆಯಲ್ಲಿ ಒಂದು ರಾತ್ರಿ ಮಲಗಿ ನೋಡಬೇಕೆಂಬ ಮಾತನ್ನು ನಾನು ಒಪ್ಪಿ, ಮಲಗಿಯೂ ನೋಡಿದ್ದೇನೆ. ಆದರೆ ಅಭ್ಯಾಸವಾದ ಕೈ ಕಾಲುಗಳು ಕತ್ತಲೆಯಲ್ಲಿಯೂ ತಾವಾಗಿ ದಾರಿ ಹಿಡಿಯುವುದರಿಂದ, ಎಷ್ಟು ಮಲಗಿದರೂ ನಮಗೆ ಕಾಣದ ಸಂಗತಿಗಳು ಉಳಿದೇ ಉಳಿಯುತ್ತವೆ. ಅವನ್ನು ಕಾಣಬಲ್ಲವನು ಹೊಸಬನೊಬ್ಬನೇ. ಮೂರನೆಯ ರಾತ್ರಿ ಕಳೆದು ದಂಪತಿಗಳು ಹೊರಟುಹೋದ ಮೇಲೆ ಕೋಣೆ ಗುಡಿಸಲು ಹೋದವನು ಕಲ್ಲನ್ನೆತ್ತಿ ನೋಡಿದರೆ, ಚೀಟಿಯ ಕೆಳಗಿನ ಬಿಳಿಯ ಜಾಗದಲ್ಲಿ ಮೇಷ್ಟರ ದುಂಡನೆಯ ಅಕ್ಷರದಲ್ಲಿ ಎರಡು ಸಾಲು ಸೇರಿತ್ತು: “ನಲ್ಲಿಯ ನೀರು ಕೆಂಪಗೆ ಬರುತ್ತದೆ. ಅದು ಏಕೆಂದು ಬರೆಯಿರಿ; ನನ್ನವಳು ಎರಡು ದಿನ ಮುಖ ತೊಳೆಯಲು ಅನುಮಾನಿಸಿದಳು.” ನಮ್ಮ ಮನೆಗೆ ನೀರು ಬರುವುದು ಗುಡ್ಡದ ಅಬ್ಬಿಯಿಂದ, ಮಳೆ ಜೋರಾದರೆ ಮಣ್ಣು ಕಲೆತು ಕೆಂಪಾಗುವುದು ನಮಗೆ ಪ್ರತಿವರ್ಷದ ಸಂಗತಿ. ಮುಂದಿನ ಅತಿಥಿಗಳು ಬಂದ ದಿನ ಚೆಂಬಿನ ನೀರಿನ ಸಾಲಿನ ಕೆಳಗೆ ಅದನ್ನು ಸೇರಿಸಿ, ಮುಖ ತೊಳೆಯಲೆಂದು ತಿಳಿನೀರಿನ ಬಿಂದಿಗೆಯೊಂದನ್ನು ಬಚ್ಚಲ ಬಾಗಿಲಲ್ಲಿಟ್ಟೆ.